ಗೋಡೌನ್ ಮಾರಿ ಅದನ್ನೇ ಬಾಡಿಗೆಗೆ ಹಿಡಿದರೆ ಪೂರ್ತಿ ಲಾಭ ಯಾಕೆ ತೋರಿಸೋಕಾಗಲ್ಲ?

ಪ್ರಶ್ನೆ: ಹಾಸನದಲ್ಲಿ ನಮ್ಮದು ಕಾಫಿ ಕ್ಯೂರಿಂಗ್ ಕಂಪನಿ, ನಾನು ಅಕೌಂಟ್ಸ್ ನೋಡ್ಕೊಳ್ತೀನಿ. ಗೋಡೌನ್ ಮತ್ತು ಅದರ ಜಾಗವನ್ನು 5 ಕೋಟಿಗೆ ಮಾರಿ, ಅದನ್ನೇ ವರ್ಷಕ್ಕೆ 40 ಲಕ್ಷದಂತೆ 10 ವರ್ಷ ಬಾಡಿಗೆಗೆ ತಗೊಳ್ಳೋಣ ಅಂತ ನಮ್ಮ ಡೈರೆಕ್ಟರ್‌ಗಳು ಹೇಳ್ತಿದ್ದಾರೆ. ಪುಸ್ತಕದಲ್ಲಿ ಆ ಆಸ್ತಿ 2 ಕೋಟಿಗಿದೆ. 3 ಕೋಟಿ ಲಾಭ ಈ ವರ್ಷವೇ ತೋರಿಸಬಹುದು ಅಂತ ಅವರ ಲೆಕ್ಕ. ಆಡಿಟರ್ ಅರ್ಧದಷ್ಟು ಮಾತ್ರ ಅಂತಾರೆ. ನಮ್ಮ ಪರಿಚಯದ ಇನ್ನೊಂದು ಮಿಲ್ಲಿನವರು ಇದೇ ತರಹ ಮಾರಿ ಪೂರ್ತಿ ಲಾಭ ತೋರಿಸಿದ್ದಾರೆ. ಯಾರು ಸರಿ? ಇನ್ನೊಂದು ಮಾತು: ನಮ್ಮ ಕಂಪನಿಯಲ್ಲಿ ಒಂದು ಲಿಸ್ಟೆಡ್ ಕಂಪನಿಯ ಪಾಲು ಶೇ. 51 ಇದೆ.

ಉತ್ತರ:

ನಿಮ್ಮ ಆಡಿಟರೂ ಸರಿ, ಆ ಮಿಲ್ಲಿನವರೂ ಸರಿ ಇರಬಹುದು. ಕಾರಣ ನಿಮ್ಮ ಪ್ರಶ್ನೆಯ ಕೊನೆಯ ಸಾಲಿನಲ್ಲೇ ಇದೆ. ಲಿಸ್ಟೆಡ್ ಕಂಪನಿ ಇಂಡ್ ಎಎಸ್ ಪ್ರಕಾರ, ಅಂದರೆ ಇಂಡಿಯನ್ ಅಕೌಂಟಿಂಗ್ ಸ್ಟ್ಯಾಂಡರ್ಡ್ಸ್ ಪ್ರಕಾರ ಲೆಕ್ಕ ಬರೀಬೇಕು, ಅದರ ಸಬ್ಸಿಡಿಯರಿಗಳೂ ಅದನ್ನೇ ಅನುಸರಿಸಬೇಕು. ಹಾಗಾಗಿ ನಿಮ್ಮ ಕಂಪನಿ ಎಷ್ಟೇ ಚಿಕ್ಕದಾಗಿದ್ದರೂ ನಿಮಗೆ ಲೀಸಿನ ಲೆಕ್ಕದ ನಿಯಮ ಇಂಡ್ ಎಎಸ್ 116 ಅನ್ವಯ ಆಗುತ್ತೆ. ಆ ಮಿಲ್ಲಿನವರದು ಮನೆಮಂದಿಯ ಪ್ರೈವೇಟ್ ಲಿಮಿಟೆಡ್ ಆಗಿದ್ದು, ನೆಟ್ ವರ್ತ್ 250 ಕೋಟಿ ಮುಟ್ಟದಿದ್ದರೆ ಅವರು ಇನ್ನೂ ಹಳೆಯ ಎಎಸ್ 19ರಲ್ಲೇ ಇರ್ತಾರೆ. ಅದರಲ್ಲಿ ಮಾಮೂಲಿ ಬಾಡಿಗೆ ತರಹದ ಆಪರೇಟಿಂಗ್ ಲೀಸ್ ಆಗಿ, ಮಾರುಕಟ್ಟೆ ಬೆಲೆಗೇ ಮಾರಿದ್ದರೆ ಲಾಭ ಪೂರ್ತಿ ಆ ವರ್ಷವೇ ತೋರಿಸಬಹುದು. ಆಮೇಲೆ ಕೊಡೋ ಬಾಡಿಗೆ ಸುಮ್ನೆ ಖರ್ಚು, ಅಷ್ಟೇ. ಒಂದೇ ವ್ಯವಹಾರ, ಎರಡು ಪುಸ್ತಕ. ಅವರನ್ನು ನೋಡಿ ನೀವು ಮಾಡೋಕಾಗಲ್ಲ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ನಮ್ಮ ಕಡೆ ಇದರಲ್ಲಿ ಗೊಂದಲ ಆಗುತ್ತೆ. ಲೀಸ್ ಅಂದ ತಕ್ಷಣ ನಮ್ಮವರಿಗೆ ಭೋಗ್ಯ ನೆನಪಾಗುತ್ತೆ, ಅಂದರೆ ಒಂದಿಷ್ಟು ಲಕ್ಷ ಇಡುಗಂಟು ಕೊಟ್ಟು ಬಾಡಿಗೆ ಇಲ್ಲದೆ ಮನೆಯಲ್ಲಿರೋದು. ಇಲ್ಲಿ ಅದಲ್ಲ. ಇಲ್ಲಿ ಕ್ರಯಪತ್ರ ಮಾಡಿಕೊಟ್ಟು, ಅದೇ ದಿನ ಅದೇ ಆಸ್ತಿಗೆ ಬಾಡಿಗೆ ಕರಾರು ಬರೆಸಿಕೊಳ್ಳೋದು. ಗೋಡೌನಿನಿಂದ ಒಂದು ಮೂಟೆಯೂ ಅಲ್ಲಾಡಲ್ಲ. ಮಾಲೀಕರ ಹೆಸರು ಮಾತ್ರ ಬದಲಾಗುತ್ತೆ.

ಕಂಪನಿಗಳು ಇದನ್ನು ಯಾಕೆ ಮಾಡ್ತಾವೆ ಅನ್ನೋದಕ್ಕೆ ನಿಮ್ಮ ವ್ಯಾಪಾರವೇ ಒಳ್ಳೇ ಉದಾಹರಣೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ತೋಟಗಳಿಂದ ಪಾರ್ಚ್‌ಮೆಂಟೂ ಚೆರ್ರಿಯೂ ಒಟ್ಟೊಟ್ಟಿಗೆ ಬರುತ್ತೆ. ಬೆಳೆಗಾರರಿಗೆ ದುಡ್ಡು ಆಗಲೇ ಕೊಡಬೇಕು, ಮಾರಾಟದ ಹಣ ಬರೋದು ತಿಂಗಳುಗಳ ಮೇಲೆ. ಈಚಿನ ವರ್ಷಗಳಲ್ಲಿ ಕಾಫಿ ಬೆಲೆ ಏರಿದ ಮೇಲಂತೂ ಅದೇ ಮೂಟೆಗೆ ಜಾಸ್ತಿ ಬಂಡವಾಳ ಬೇಕು. ಆದರೆ ನಿಮ್ಮ 5 ಕೋಟಿ ಗೋಡೆ, ಶೀಟು, ಸೈಟಿನಲ್ಲಿ ಕೂತಿದೆ. ಅದನ್ನು ಬ್ಯಾಂಕಿಗೆ ಅಡವಿಟ್ಟರೆ ಪೂರ್ತಿ ಬೆಲೆಗೆ ಸಾಲ ಸಿಗಲ್ಲ, ಒಂದು ಪಾಲು ಕಡಿತ ಮಾಡೇ ಕೊಡ್ತಾರೆ. ಮಾರಿದರೆ ಪೂರ್ತಿ ಬೆಲೆ ಕೈಗೆ ಬರುತ್ತೆ, ಕೆಲಸವೂ ನಿಲ್ಲಲ್ಲ. ಕೊಳ್ಳೋರಿಗೂ 5 ಕೋಟಿಗೆ ವರ್ಷಕ್ಕೆ 40 ಲಕ್ಷ, ಅಂದರೆ ಶೇ. 8ರ ಆದಾಯ, ಜೊತೆಗೆ 10 ವರ್ಷ ಕದಲದ ಬಾಡಿಗೆದಾರ. ಇದು ನ್ಯಾಯವಾದ ಕಾರಣ.

ಇನ್ನೊಂದು ಕಾರಣ ಹಿಂದೆ ಇತ್ತು, ಈಗ ಸತ್ತಿದೆ. ಸಾಲ ತಗೊಂಡರೆ ಬ್ಯಾಲೆನ್ಸ್ ಶೀಟಿನಲ್ಲಿ ಕಾಣುತ್ತೆ, ಬಾಡಿಗೆ ಆದರೆ ಕಾಣಲ್ಲ ಅನ್ನೋ ಲೆಕ್ಕಾಚಾರ ಅದು. 2019ರ ಏಪ್ರಿಲ್ 1ರಿಂದ ಇಂಡ್ ಎಎಸ್ 116 ಬಂದ ಮೇಲೆ ಬಾಡಿಗೆದಾರ ಮುಂದೆ ಕೊಡಬೇಕಾದ ಬಾಡಿಗೆಯನ್ನೂ ಸಾಲದ ಹಾಗೆ ಬ್ಯಾಲೆನ್ಸ್ ಶೀಟಿಗೆ ತರಬೇಕು. ಒಂದು ವರ್ಷ ಮೀರದ ಲೀಸು, ತೀರಾ ಸಣ್ಣ ಬೆಲೆಯ ಸಾಮಾನು, ಇಂಥವಕ್ಕೆ ಮಾತ್ರ ವಿನಾಯಿತಿ ಇದೆ. 10 ವರ್ಷದ ಗೋಡೌನಿಗೆ ಇಲ್ಲ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. 3 ಕೋಟಿ ಯಾಕಿಲ್ಲ?

ಒಬ್ಬರು ತೋಟ ಮಾರ್ತಾರೆ, ಆದರೆ ಮುಂದಿನ 10 ವರ್ಷದ ಫಸಲು ನಾನೇ ಕುಯ್ಕೊಳ್ತೀನಿ ಅಂತ ಕರಾರು ಮಾಡ್ಕೊಳ್ತಾರೆ ಅಂದ್ಕೊಳ್ಳಿ. ಅವರು ನಿಜವಾಗಿ ಮಾರಿದ್ದು ಪೂರ್ತಿ ತೋಟವನ್ನಾ? 10 ವರ್ಷದ ಫಸಲು ಅವರ ಹತ್ತಿರವೇ ಉಳೀತು, ಅದಾದ ಮೇಲಿನದ್ದು ಮಾತ್ರ ಕೈದಾಟಿತು. ನಿಮ್ಮ ಗೋಡೌನಿಗೂ ಅದೇ. 10 ವರ್ಷ ಬಳಸೋ ಹಕ್ಕು ನೀವು ಮಾರಲೇ ಇಲ್ಲ. ಮಾರದೇ ಇರೋದರ ಮೇಲೆ ಲಾಭ ಎಲ್ಲಿಂದ ಬರುತ್ತೆ? ಕೈಬಿಟ್ಟ ಪಾಲಿಗೆ ಸೇರಿದ ಲಾಭ ಮಾತ್ರ ಈ ವರ್ಷ. ಇಂಡ್ ಎಎಸ್ 116 ಹೇಳೋದು ಇಷ್ಟೇ.

ಹಾಗಾದರೆ ಉಳಿಸಿಕೊಂಡ ಪಾಲು ಎಷ್ಟು? ಅದನ್ನು ಬಾಡಿಗೆಯ ಇಂದಿನ ಮೌಲ್ಯದಿಂದ ಅಳೀತೀವಿ. ಲೆಕ್ಕ ಸುಲಭ ಆಗಲಿ ಅಂತ ಬಾಡಿಗೆ ಪ್ರತಿ ವರ್ಷದ ಕೊನೆಗೆ 40 ಲಕ್ಷ, ಏರಿಕೆ ಇಲ್ಲ, ಬಡ್ಡಿ ದರ ಶೇ. 10 ಅಂತ ಇಟ್ಕೊಳ್ತೀನಿ. 10 ವರ್ಷದ 40 ಲಕ್ಷಗಳ ಇಂದಿನ ಮೌಲ್ಯ 245.8 ಲಕ್ಷ. ಇದು ನಿಮ್ಮ ಲೀಸ್ ಲಯಬಿಲಿಟಿ. ಆಸ್ತಿಯ ಮಾರುಕಟ್ಟೆ ಬೆಲೆ 500 ಲಕ್ಷ. 245.8ನ್ನು 500ರಿಂದ ಭಾಗಿಸಿದರೆ ಶೇ. 49.16. ಅಂದರೆ ಹತ್ತಿರ ಹತ್ತಿರ ಅರ್ಧ ಆಸ್ತಿ ನಿಮ್ಮ ಕೈಯಲ್ಲೇ ಉಳಿದಿದೆ. ಆಡಿಟರ್ ಅರ್ಧ ಅಂದಿದ್ದು ಇದಕ್ಕೇ.

ಉಳಿದ ಆ ಪಾಲನ್ನು ಯಾವ ಬೆಲೆಗೆ ಬರೀಬೇಕು? ಮಾರಿದ ಬೆಲೆಗಲ್ಲ, ಹಳೆಯ ಪುಸ್ತಕದ ಬೆಲೆಗೆ. 200 ಲಕ್ಷದ ಶೇ. 49.16 ಅಂದರೆ 98.3 ಲಕ್ಷ. ಇದನ್ನು ರೈಟ್ ಆಫ್ ಯೂಸ್ ಅಸೆಟ್ ಅಂತೀವಿ, ಬಳಸೋ ಹಕ್ಕು. ಲಾಭ 300 ಲಕ್ಷದಲ್ಲಿ ಕೈಬಿಟ್ಟ ಶೇ. 50.84ರ ಪಾಲು 152.5 ಲಕ್ಷ. ಎಂಟ್ರಿ ಹೀಗಾಗುತ್ತೆ: ಬ್ಯಾಂಕಿಗೆ 500 ಡೆಬಿಟ್, ಬಳಸೋ ಹಕ್ಕಿಗೆ 98.3 ಡೆಬಿಟ್. ಎದುರಿಗೆ ಗೋಡೌನು ಮತ್ತು ಜಾಗಕ್ಕೆ 200 ಕ್ರೆಡಿಟ್, ಲೀಸ್ ಲಯಬಿಲಿಟಿಗೆ 245.8 ಕ್ರೆಡಿಟ್, ಲಾಭಕ್ಕೆ 152.5 ಕ್ರೆಡಿಟ್. ಎರಡೂ ಕಡೆ 598.3. ಕೂಡಿ ನೋಡಿ, ತಾಳೆ ಆಗದಿದ್ದರೆ ಸಾಮಾನ್ಯವಾಗಿ ತಪ್ಪು ಇರೋದು ಬಳಸೋ ಹಕ್ಕಿನಲ್ಲಿ. ಅದನ್ನೂ 245.8ಕ್ಕೇ ಬರೆದುಬಿಡೋರು ಬಹಳ ಜನ. ಮಾಮೂಲಿ ಲೀಸಿನಲ್ಲಿ ಹಾಗೇ ಬರೀತೀವಲ್ಲ, ಅದೇ ಅಭ್ಯಾಸ ಇಲ್ಲೂ ಕೈಗೆ ಬಂದುಬಿಡುತ್ತೆ. ಆದರೆ ಹಾಗೆ ಬರೆದರೆ ಲಾಭ ಮತ್ತೆ ಪೂರ್ತಿ 300 ಆಗಿ ಕೂರುತ್ತೆ. (ಜಾಗ ಮತ್ತು ಕಟ್ಟಡವನ್ನು ನಾನು ಇಲ್ಲಿ ಒಂದೇ ಆಸ್ತಿ ಅಂತ ತಗೊಂಡಿದ್ದೀನಿ. ನಿಮ್ಮ ಆಡಿಟರ್ ಬೇರೆ ಮಾಡಿ ಕೇಳಿದರೆ ಎರಡರ ಮೌಲ್ಯವೂ ವ್ಯಾಲ್ಯೂಯರ್ ವರದಿಯಲ್ಲಿ ಬೇರೆ ಬೇರೆ ಇರಬೇಕು.)

ಉಳಿದ 147.5 ಲಕ್ಷ ಲಾಭ ಹೋಯ್ತಾ? ಇಲ್ಲ. ನಿಮ್ಮ ಡೈರೆಕ್ಟರ್‌ಗಳಿಗೆ ಇದನ್ನು ತೋರಿಸಿ, ಸಿಟ್ಟು ಇಳಿಯುತ್ತೆ. ಮುಂದಿನ 10 ವರ್ಷ ಲಾಭ-ನಷ್ಟದ ಪಟ್ಟಿಯಲ್ಲಿ 40 ಲಕ್ಷ ಬಾಡಿಗೆ ಅಂತ ಬರೋದಿಲ್ಲ. ಅದರ ಜಾಗದಲ್ಲಿ ಎರಡು ಖರ್ಚು ಬರುತ್ತೆ. ಬಳಸೋ ಹಕ್ಕಿನ ಸವಕಳಿ ವರ್ಷಕ್ಕೆ 9.8 ಲಕ್ಷ. ಲೀಸ್ ಲಯಬಿಲಿಟಿ ಮೇಲಿನ ಬಡ್ಡಿ ಮೊದಲ ವರ್ಷ 24.6 ಲಕ್ಷ. ಎರಡೂ ಸೇರಿ ಮೊದಲ ವರ್ಷ 34.4 ಲಕ್ಷ. ವರ್ಷ ಕಳೆದ ಹಾಗೆ ಬಡ್ಡಿ ಇಳೀತಾ ಹೋಗಿ, 10ನೇ ವರ್ಷ 3.6 ಲಕ್ಷಕ್ಕೆ ಬಂದು, ಒಟ್ಟು ಖರ್ಚು ಆ ವರ್ಷ ಬರೀ 13.5 ಲಕ್ಷ ಆಗುತ್ತೆ, ನೀವು ಮಾಲೀಕರಿಗೆ ಕೊಡ್ತಾ ಇರೋದು ಮಾತ್ರ ಅದೇ 40. ಹತ್ತು ವರ್ಷದ್ದು ಕೂಡಿದರೆ ಖರ್ಚು 252.5 ಲಕ್ಷ, ಕೊಟ್ಟ ಬಾಡಿಗೆ 400 ಲಕ್ಷ. ವ್ಯತ್ಯಾಸ ಎಷ್ಟು? 147.5 ಲಕ್ಷ. ಅದೇ ತಡೆಹಿಡಿದ ಲಾಭ! ಅದು ಖರ್ಚು ಕಮ್ಮಿಯಾಗೋ ರೂಪದಲ್ಲಿ ನಿಧಾನಕ್ಕೆ ವಾಪಸ್ ಬರುತ್ತೆ.

ಜೊತೆಗೆ ಇನ್ನೊಂದು ಬದಲಾವಣೆ ಗಮನಿಸಿ. ಬಾಡಿಗೆ ಅನ್ನೋ ಸಾಲೇ ಇಲ್ಲದ ಕಾರಣ, ಬಡ್ಡಿ ಸವಕಳಿಗೆ ಮುಂಚಿನ ಲಾಭ ಮಾರಾಟಕ್ಕೆ ಮೊದಲು ಎಷ್ಟಿತ್ತೋ ಅಷ್ಟೇ ಕಾಣುತ್ತೆ, ಬಾಡಿಗೆ ಕೊಡ್ತಿದ್ದರೂ. ಆದರೆ ಸಾಲದ ಕಡೆ 245.8 ಲಕ್ಷ ಹೊಸದಾಗಿ ಕೂರುತ್ತೆ. ನಿಮ್ಮ ವರ್ಕಿಂಗ್ ಕ್ಯಾಪಿಟಲ್ ಬ್ಯಾಂಕಿನ ಸ್ಯಾಂಕ್ಷನ್ ಲೆಟರಿನಲ್ಲಿ ಸಾಲ ಮತ್ತು ಸ್ವಂತ ಬಂಡವಾಳದ ಅನುಪಾತಕ್ಕೆ ಮಿತಿ ಹಾಕಿರ್ತಾರೆ. ಅದರಲ್ಲಿ ಲೀಸ್ ಲಯಬಿಲಿಟಿ ಸಾಲ ಅಂತ ಲೆಕ್ಕವಾ ಅಲ್ವಾ ಅನ್ನೋದನ್ನು ಓದಿ. ಗೊತ್ತಾಗದಿದ್ದರೆ ಬ್ಯಾಂಕಿನಿಂದ ಬರಹದಲ್ಲಿ ತರಿಸಿಕೊಳ್ಳಿ, ಮ್ಯಾನೇಜರ್ ಬಾಯಿಮಾತು ವರ್ಗಾವಣೆ ಜೊತೆ ಹೋಗಿಬಿಡುತ್ತೆ.

ಈ ಲೆಕ್ಕದಲ್ಲಿ ಎಲ್ಲಿ ಜಗ್ಗಾಟ ನಡೆಯುತ್ತೆ ಅಂದರೆ, ಬಾಡಿಗೆಯ ಅವಧಿ ಎಷ್ಟು ಅನ್ನೋದರಲ್ಲಿ. ಕರಾರಿನಲ್ಲಿ 10 ವರ್ಷ, ಆಮೇಲೆ ಬೇಕಾದರೆ ಇನ್ನೂ 5 ವರ್ಷ ಮುಂದುವರಿಸೋ ಆಯ್ಕೆ ನಿಮಗೆ ಅಂತ ಇದ್ದರೆ ಏನು? ಮುಂದುವರಿಸೋದು ಬಹುತೇಕ ಖಚಿತ ಅನ್ನೋ ಹಾಗಿದ್ದರೆ 15 ವರ್ಷಕ್ಕೇ ಲೆಕ್ಕ ಹಾಕಬೇಕು. ಕ್ಯೂರಿಂಗ್ ವರ್ಕ್ಸಿಗೆ ಒಣಗಿಸೋ ಕಣ ಇದೆ, ಹಲ್ಲರ್, ಗ್ರೇಡರ್ ಕೂರಿಸಿದೆ, ಲಾರಿ ತಿರುಗೋಕೆ ಜಾಗ ಬೇಕು. ಅದನ್ನೆಲ್ಲ ಕಿತ್ಕೊಂಡು ಇನ್ನೊಂದು ಕಡೆ ಹೋಗ್ತೀವಿ ಅಂದರೆ ಯಾವ ಆಡಿಟರೂ ನಂಬಲ್ಲ. 15 ವರ್ಷಕ್ಕೆ ಹಾಕಿದರೆ ಲಯಬಿಲಿಟಿ 304.2 ಲಕ್ಷ, ಉಳಿಸಿಕೊಂಡ ಪಾಲು ಶೇ. 60.8, ಈ ವರ್ಷದ ಲಾಭ ಬರೀ 117.5 ಲಕ್ಷ. ಒಂದು ಸಾಲಿನ ಆಯ್ಕೆ 35 ಲಕ್ಷ ಲಾಭ ಮುಂದಕ್ಕೆ ತಳ್ಳಿತು. ಬಡ್ಡಿ ದರದಲ್ಲೂ ಇದೇ ಆಟ. ದರ ಜಾಸ್ತಿ ಹಿಡಿದರೆ ಲಯಬಿಲಿಟಿ ಕಮ್ಮಿ, ಲಾಭ ಜಾಸ್ತಿ. ಅದಕ್ಕೇ ಆಡಿಟರ್ ಬ್ಯಾಂಕಿನ ಪತ್ರ ಕೇಳ್ತಾರೆ: ಇಂಥ ಅವಧಿಗೆ, ಇಂಥ ಭದ್ರತೆಗೆ ನಿಮಗೆ ಸಾಲ ಸಿಗೋದು ಎಷ್ಟು ದರಕ್ಕೆ ಅಂತ.

ಇನ್ನು ಕೆಲವರು ಜಾಣತನ ಮಾಡ್ತಾರೆ. ಬಾಡಿಗೆಯನ್ನು ನಿಗದಿ ಮಾಡೋದೇ ಬೇಡ, ಗೋಡೌನಿಗೆ ಬಂದ ಕಾಫಿಯ ಟನ್ನಿಗೆ ಇಷ್ಟು ಅಂತ ಮಾಡೋಣ, ಆಗ ಲಯಬಿಲಿಟಿಯೇ ಬರಲ್ಲ, ಲಾಭ ಪೂರ್ತಿ ನಮ್ಮದು ಅಂತ. ಮಾಮೂಲಿ ಲೀಸಿನಲ್ಲಿ ಈ ತರಹ ಏರುಪೇರಾಗೋ ಬಾಡಿಗೆ ಲಯಬಿಲಿಟಿಗೆ ಸೇರಲ್ಲ, ನಿಜ. ಆದರೆ ಮಾರಿ ಬಾಡಿಗೆಗೆ ಹಿಡಿಯೋ ವ್ಯವಹಾರದಲ್ಲಿ ಆ ದಾರಿ ಮುಚ್ಚಿದೆ. 2024ರಲ್ಲಿ ನಮ್ಮ ಇಂಡ್ ಎಎಸ್ 116ಕ್ಕೂ ತಿದ್ದುಪಡಿ ಬಂತು. ಬಾಡಿಗೆ ಯಾವ ರೂಪದಲ್ಲಿದ್ದರೂ ಸರಿ, ಉಳಿಸಿಕೊಂಡ ಹಕ್ಕಿನ ಮೇಲೆ ಲಾಭ ತೋರಿಸೋ ಹಾಗಿಲ್ಲ ಅಂತ ಅದು ಹೇಳುತ್ತೆ.

ಬೆಲೆಯ ವಿಷಯದಲ್ಲೂ ಇಂಥದ್ದೇ ಒಂದು. ಕೊಳ್ಳೋರು 5 ಕೋಟಿ ಬದಲು 5.6 ಕೋಟಿ ಕೊಡ್ತೀನಿ, ಬಾಡಿಗೆ ಸ್ವಲ್ಪ ಏರಿಸಿ ಅಂದರೆ ನಿಮ್ಮ ಡೈರೆಕ್ಟರ್‌ಗಳು ಖುಷಿಯಾಗ್ತಾರೆ. ಖುಷಿ ಪಡೋಕೆ ಏನಿಲ್ಲ. ಮಾರುಕಟ್ಟೆ ಬೆಲೆಗಿಂತ ಜಾಸ್ತಿ ಬಂದ 60 ಲಕ್ಷ ಮಾರಾಟದ ಹಣ ಅಲ್ಲ, ಅವರು ನಿಮಗೆ ಕೊಟ್ಟ ಸಾಲ. ಶೇ. 10ರ ದರದಲ್ಲಿ ಅದನ್ನು 10 ವರ್ಷದಲ್ಲಿ ತೀರಿಸೋಕೆ ಬಾಡಿಗೆ ವರ್ಷಕ್ಕೆ ಸುಮಾರು 9.8 ಲಕ್ಷ ಏರುತ್ತೆ. ಲಾಭ ಅದೇ 152.5 ಲಕ್ಷ, ಒಂದು ರೂಪಾಯಿ ಜಾಸ್ತಿ ಆಗಲ್ಲ. ತಿರುಗಾಮುರುಗಾ ಮಾರುಕಟ್ಟೆಗಿಂತ ಕಮ್ಮಿಗೆ ಮಾರಿ, ಬದಲಿಗೆ ಬಾಡಿಗೆ ಕಮ್ಮಿ ಮಾಡಿಸಿಕೊಂಡರೆ, ಆ ಕೊರತೆಯನ್ನು ಮುಂಗಡ ಬಾಡಿಗೆ ಕೊಟ್ಟ ಹಾಗೆ ಲೆಕ್ಕ ಹಿಡೀತಾರೆ. ಹಾಗಾಗಿ ಸ್ವತಂತ್ರ ವ್ಯಾಲ್ಯೂಯರ್ ವರದಿ ಕರಾರಿಗೆ ಮೊದಲೇ ಕೈಯಲ್ಲಿರಲಿ.

ಇಷ್ಟೆಲ್ಲಾ ಹೇಳಿದ್ದು ಮಾರಾಟ ನಿಜವಾಗಿ ಮಾರಾಟ ಆಗಿದ್ದರೆ. ನನಗೆ ಹೆಚ್ಚು ಹೆದರಿಕೆ ಇರೋದು ಇಲ್ಲಿ.

ಹಳಬರಿಗೆ ಮುದ್ದತು ಕ್ರಯ ಗೊತ್ತಿರುತ್ತೆ. ಕಾಗದದಲ್ಲಿ ಕ್ರಯ, ಆದರೆ ಇಷ್ಟು ವರ್ಷದೊಳಗೆ ದುಡ್ಡು ಕೊಟ್ಟರೆ ಜಮೀನು ವಾಪಸ್. ಊರಲ್ಲಿ ಯಾರೂ ಅದನ್ನು ಮಾರಾಟ ಅಂತ ತಿಳೀತಿರಲಿಲ್ಲ, ಸಾಲಕ್ಕೆ ಇಟ್ಟಿದ್ದಾರೆ ಅಂತಲೇ ಮಾತು. ಇಂಡ್ ಎಎಸ್ ನೋಡೋದೂ ಹಾಗೇ. ಮಾರಾಟ ಆಯ್ತಾ ಇಲ್ವಾ ಅನ್ನೋದನ್ನು ಮಾರಾಟದ ಆದಾಯದ ನಿಯಮ ಇಂಡ್ ಎಎಸ್ 115ರ ಪ್ರಕಾರ ನೋಡಬೇಕು. ಆಸ್ತಿಯ ಮೇಲಿನ ಹಿಡಿತ ಕೊಂಡವರಿಗೆ ಹೋಯ್ತಾ ಅನ್ನೋದು ಪ್ರಶ್ನೆ. ಆ ಗೋಡೌನನ್ನು ಮತ್ತೆ ಕೊಳ್ಳೋ ಹಕ್ಕು ನಿಮಗೆ ಇದ್ದರೆ, ಕೊಂಡವರು ಅದನ್ನು ತಮಗೆ ಬೇಕಾದ ಹಾಗೆ ಮಾಡೋಕಾಗಲ್ಲ. ಹಿಡಿತ ಹೋಗಲಿಲ್ಲ, ಮಾರಾಟ ಆಗಲಿಲ್ಲ. ವಾಪಸ್ ಕೊಳ್ಳೋದು ಆವತ್ತಿನ ಮಾರುಕಟ್ಟೆ ಬೆಲೆಗೇ ಅಂತ ಬರೆದಿದ್ದರೂ ಉಳಿಗಾಲ ಇಲ್ಲ.

ಆಗ ಪುಸ್ತಕ ಹೇಗಿರುತ್ತೆ? ಗೋಡೌನು 200 ಲಕ್ಷಕ್ಕೆ ಇದ್ದಲ್ಲೇ ಇರುತ್ತೆ, ಸವಕಳಿ ಹಿಂದಿನ ಹಾಗೇ. ಬಂದ 500 ಲಕ್ಷ ಪೂರ್ತಿ ಸಾಲ. ಲಾಭ ಸೊನ್ನೆ. ಕೊಡೋ ಬಾಡಿಗೆ ಬಾಡಿಗೆ ಅಲ್ಲ, ಆ ಸಾಲದ ಕಂತು. ರಿಜಿಸ್ಟ್ರೇಷನ್ ಮಾತ್ರ ಆಗಿರುತ್ತೆ, ಸ್ಟ್ಯಾಂಪ್ ಡ್ಯೂಟಿ ಕಟ್ಟಿ ಆಗಿರುತ್ತೆ.

ನನ್ನ ಕಣ್ಣೆದುರಿಗೇ ಹೀಗಾಗಿದೆ. ಚಿಕ್ಕಮಗಳೂರಿನ ಒಂದು ಕಂಪನಿ, ಹೆಸರು ಬೇಡ. ನಾನು ಆಗ ಅವರ ಲೆಕ್ಕ ನೋಡ್ತಿದ್ದೆ. ಕ್ರಯಪತ್ರ ಓದಿದೆ, ಸ್ವಚ್ಛವಾಗಿತ್ತು. ಬಾಡಿಗೆ ಕರಾರು ಓದಿದೆ, ಅದೂ ಸರಿ. ಲಾಭದ ಲೆಕ್ಕ ಹಾಕಿ ಕೊಟ್ಟೆ. ವರ್ಷದ ಕೊನೆಗೆ ಆಡಿಟ್‌ಗೆ ಬಂದ ಹುಡುಗಿಯೊಬ್ಬಳು ಫೈಲಿನಿಂದ ಎರಡು ಪುಟದ ಇನ್ನೊಂದು ಪತ್ರ ತೆಗೆದಳು. 7ನೇ ವರ್ಷ ಆಸ್ತಿ ವಾಪಸ್ ಕೊಳ್ಳೋ ಹಕ್ಕು ಕಂಪನಿಗೆ ಇದೆ ಅಂತ ಅದರಲ್ಲಿತ್ತು. ಹಿರಿಯರ ಆಸ್ತಿ, ಕೈ ಬಿಡೋಕೆ ಮನಸ್ಸಿಲ್ಲ, ಅದಕ್ಕೆ ಪಕ್ಕದಲ್ಲೊಂದು ಪತ್ರ ಮಾಡ್ಕೊಂಡಿದ್ದರು, ನನಗೆ ಹೇಳೋ ಅಗತ್ಯ ಇದೆ ಅಂತ ಅವರಿಗೆ ಅನ್ನಿಸಿರಲಿಲ್ಲ, ನಾನೂ ಕೇಳಿರಲಿಲ್ಲ. ಡೈರೆಕ್ಟರ್‌ಗಳ ಸಭೆಗೆ ಹೋಗಿದ್ದ ಲಾಭ ಪೂರ್ತಿ ಅಳಿಸಬೇಕಾಯ್ತು. ಅಂದಿನಿಂದ ನಾನು ಮೊದಲು ಕೇಳೋದು, ಕೊಳ್ಳೋರ ಜೊತೆ ಬೇರೆ ಯಾವ ಕಾಗದಕ್ಕೆ ಸೈನ್ ಹಾಕಿದ್ದೀರಿ ಅಂತ.

ಮನಸ್ಸು ತಡೆಯದಿದ್ದರೆ ಒಂದು ದಾರಿ ಇದೆ. ಕೊಂಡವರು ಮುಂದೆ ಯಾರಿಗಾದರೂ ಮಾರೋಕೆ ಹೊರಟರೆ, ಹೊರಗಿನವರು ಕೊಡೋ ಬೆಲೆಗೇ ಮೊದಲು ನಿಮ್ಮನ್ನು ಕೇಳಬೇಕು ಅಂತ ಷರತ್ತು ಹಾಕಿಸಿಕೊಳ್ಳಿ. ಮಾರೋದಾ ಬೇಡ್ವಾ, ಎಷ್ಟಕ್ಕೆ ಅನ್ನೋ ತೀರ್ಮಾನ ಅವರದೇ ಆಗಿರೋದರಿಂದ, ಬರೀ ಇದೊಂದೇ ಇದ್ದರೆ ಮಾರಾಟ ಕೆಡಲ್ಲ.

ತೆರಿಗೆ ಬಗ್ಗೆ ನೀವು ಕೇಳಿಲ್ಲ, ಆದರೆ ಹೇಳದಿದ್ದರೆ ತಪ್ಪಾಗುತ್ತೆ. ಆದಾಯ ತೆರಿಗೆಗೆ ಈ ಅರ್ಧದ ಲೆಕ್ಕ ಗೊತ್ತಿಲ್ಲ. ಅದರ ಕಣ್ಣಿಗೆ ಪೂರ್ತಿ ಆಸ್ತಿ ಮಾರಿದ್ದೀರಿ, ಕ್ಯಾಪಿಟಲ್ ಗೇನ್ಸ್ ಪೂರ್ತಿ ಈ ವರ್ಷವೇ. ಎರಡು ವರ್ಷಕ್ಕಿಂತ ಹಳೆಯ ಜಾಗಕ್ಕೆ ಶೇ. 12.5, ಮೇಲೆ ಸರ್‌ಚಾರ್ಜು ಮತ್ತು ಸೆಸ್. ಸವಕಳಿ ಪಡೆದ ಕಟ್ಟಡದ್ದು ಬೇರೆ ಲೆಕ್ಕ, ಅದರ ಲಾಭ ಎಷ್ಟು ಹಳೆಯ ಕಟ್ಟಡ ಆದರೂ ಅಲ್ಪಾವಧಿಯದ್ದು ಅಂತಲೇ ಹಿಡೀತಾರೆ. ಹಾಗಾಗಿ 5 ಕೋಟಿಯಲ್ಲಿ ಜಾಗಕ್ಕೆಷ್ಟು, ಕಟ್ಟಡಕ್ಕೆಷ್ಟು ಅನ್ನೋದು ಕ್ರಯಪತ್ರದಲ್ಲೇ ಇರಲಿ. ಮುಂದೆ ಪ್ರತಿ ವರ್ಷ 40 ಲಕ್ಷ ಬಾಡಿಗೆ ಪೂರ್ತಿ ಖರ್ಚು ಅಂತ ತೆರಿಗೆಗೆ ತೋರಿಸಬಹುದು. ಪುಸ್ತಕಕ್ಕೂ ತೆರಿಗೆಗೂ ಈ ಅಂತರ ಇರೋದರಿಂದ ಡಿಫರ್ಡ್ ಟ್ಯಾಕ್ಸ್ ಎಂಟ್ರಿ ಬರುತ್ತೆ, ಮರೀಬೇಡಿ. ಬಾಡಿಗೆ ಮೇಲೆ ಶೇ. 18 ಜಿಎಸ್‌ಟಿ ಇದೆ. ನಿಮ್ಮ ಮಾರಾಟದಲ್ಲಿ ಜಿಎಸ್‌ಟಿ ಇಲ್ಲದ ಸರಕು ಎಷ್ಟಿದೆಯೋ ಅಷ್ಟು ಪಾಲಿನ ಇನ್‌ಪುಟ್ ಕ್ರೆಡಿಟ್ ಸಿಗಲ್ಲ. ಅಷ್ಟು ದುಡ್ಡು ಬಾಡಿಗೆ ಮೇಲಿನ ಬಾಡಿಗೆ ಅಂತ ತಿಳ್ಕೊಳ್ಳಿ.

ನಿಮ್ಮ ಗೋಡೌನು ಕೆಐಎಡಿಬಿ ಕೈಗಾರಿಕಾ ಪ್ರದೇಶದಲ್ಲಿದ್ದರೆ ಇದೆಲ್ಲಕ್ಕಿಂತ ಮೊದಲು ಒಂದು ಕಾಗದ ತೆಗೆದು ನೋಡಿ. ಆ ಜಾಗ ಇನ್ನೂ ಲೀಸ್-ಕಮ್-ಸೇಲ್ ಹಂತದಲ್ಲೇ ಇದ್ದು ಪೂರ್ಣ ಕ್ರಯಪತ್ರ ಆಗಿಲ್ಲದಿದ್ದರೆ, ಮಾರೋಕೆ ಅದು ಇನ್ನೂ ನಿಮ್ಮದಾಗಿಲ್ಲ. ಸ್ವಂತ ಜಾಗ ಆಗಿದ್ದರೆ ಭೂ ಪರಿವರ್ತನೆ ಆದೇಶದಲ್ಲಿ ಕಣದ ಜಾಗವೂ ಸೇರಿದೆಯಾ ನೋಡಿ. ಗೋಡೌನಿನ ಸರ್ವೆ ನಂಬರ್ ಪರಿವರ್ತನೆ ಆಗಿ, ಪಕ್ಕದ ಕಣ ಇನ್ನೂ ಕೃಷಿ ಜಮೀನಾಗೇ ಉಳಿದಿರೋದು ನಮ್ಮ ಕಡೆ ಅಪರೂಪ ಅಲ್ಲ. ಕಣ ಕ್ರಯಕ್ಕೆ ಸೇರದಿದ್ದರೆ ಆಸ್ತಿಯ ಬೆಲೆಯೂ ಬಾಡಿಗೆಯೂ ಬದಲಾಗುತ್ತೆ, ಮೇಲಿನ 49.16 ಅನ್ನೋ ಅಂಕಿಯನ್ನು ಮತ್ತೆ ಮೊದಲಿನಿಂದ ಹಾಕಬೇಕಾಗುತ್ತೆ.